ವಾಯಿದೆ ಕೇಳುತ್ತಿದ್ದ ಅಕ್ಕ

ಮಾಲು ಕಂಡ ಕೂಡಲೇ ಬೆಲೆ ಹೇಳುವವನು ದಡ್ಡ. ತಿರುಗಿಸಿ, ಅಂಚು ಸವರಿ, ಬೆಳಕಿಗೆ ಹಿಡಿದು ಆಮೇಲೆ ಬಾಯಿ ಬಿಡುವವನು ವ್ಯಾಪಾರಿ. ಆ ಲೆಕ್ಕದಲ್ಲಿ ಈ ಅಕ್ಕನನ್ನು ತೂಗಿದರೆ ಸಿಗುವುದು ಇಷ್ಟು: ಒಣಕಲು ಮೈ, ಸಾಧಾರಣ ಎತ್ತರ, ಐವತ್ತರ ಹೊಸ್ತಿಲು ದಾಟಿದ ವಯಸ್ಸು, ಮೂಗಿನ ತುದಿಯಲ್ಲಿ ಕನ್ನಡಕ, ನಾಲಗೆಯ ತುದಿಯಲ್ಲಿ ಬ್ಲೇಡು. ಮದುವೆಯಾಗಿ ಮೂರೇ ವರ್ಷಕ್ಕೆ ಆ ವ್ಯವಹಾರ ಮುಚ್ಚಿ ತಾಯಿಯ ಮನೆಗೆ ವಾಪಸು ಬಂದವಳು. ಯಾಕೆ ಎಂದು ಕೇಳಿದವರಿಗೆ “ಸರಕು ಸರಿಯಿರಲಿಲ್ಲ” ಎಂದು ಒಂದೇ ಮಾತಲ್ಲಿ ಮುಗಿಸುತ್ತಿದ್ದಳು. ನಗು ಕಡಿಮೆ, ರಿಯಾಯಿತಿ ಇನ್ನೂ ಕಡಿಮೆ. ಒಟ್ಟಿನಲ್ಲಿ ಗಿರಾಕಿ ಮೊದಲ ನೋಟಕ್ಕೆ ಪಕ್ಕಕ್ಕಿಟ್ಟು, ಮಿರಮಿರ ಮಿಂಚುವ ಇನ್ನೊಂದನ್ನು ಎತ್ತಿಕೊಂಡು ಹೋಗುವಂಥ ಮಾಲು. ಹಾಗೆ ಎತ್ತಿಕೊಂಡು ಹೋದವರ ಗತಿ ಏನಾಯಿತು ಎನ್ನುವುದೇ ಮುಂದಿನ ಕಥೆ.

ಅವಳ ಉದ್ಯೋಗ ಒಂದು ಬ್ಯಾಂಕಿನ ಮೂರನೇ ಮಹಡಿಯಲ್ಲಿ, ಡಾಲರ್ ಕೊಳ್ಳುವ ಮಾರುವ ಡೀಲಿಂಗ್ ರೂಮಿನಲ್ಲಿ. ಕಿಟಕಿ ತೆರೆಯದ ಕೋಣೆ. ಏಸಿ ಗೊರಕೆ ಹೊಡೆಯುತ್ತದೆ, ಪರದೆಗಳ ಮೇಲೆ ಹಸಿರು ಕೆಂಪು ಅಂಕಿಗಳು ಜಿರಳೆಗಳ ಹಾಗೆ ಓಡಾಡುತ್ತವೆ. ಬ್ಯಾಂಕು ಹೊರದೇಶದ ಬ್ಯಾಂಕುಗಳಿಂದ ಡಾಲರ್ ಸಾಲ ತರುತ್ತಿತ್ತು. ತಂದ ಡಾಲರನ್ನು ಇಲ್ಲಿಯ ಗಿರಣಿಯವರಿಗೆ, ಮನೆ ಕಟ್ಟಿ ಮಾರುವವರಿಗೆ, ಸಣ್ಣಪುಟ್ಟ ಕಾರ್ಖಾನೆಯವರಿಗೆ ಐದು ವರ್ಷದ ಸಾಲವಾಗಿ ಹಂಚುತ್ತಿತ್ತು. ಕೊಟ್ಟದ್ದು ಐದು ವರ್ಷಕ್ಕೆ. ತಂದದ್ದು ಮಾತ್ರ ಒಂದು ವರ್ಷಕ್ಕೆ, ಆರು ತಿಂಗಳಿಗೆ. ಹೀಗಾಗಿ ವಾಯಿದೆ ಮುಗಿಯುತ್ತ ಬಂದ ಹಾಗೆಲ್ಲ ಹೊರದೇಶಕ್ಕೆ ಫೋನು ಹಚ್ಚಿ, “ಇನ್ನೊಂದು ಸುತ್ತು ಮುಂದಕ್ಕೆ ಹಾಕಿ” ಎಂದು ಕೇಳಬೇಕು. ಆ ಕೇಳುವ ಕೆಲಸ ಅಕ್ಕನದು. ಹದಿನೇಳು ವರ್ಷ ಕೇಳಿದ್ದಳು, ಹದಿನೇಳು ವರ್ಷ ಅವರು ಹೂಂ ಅಂದಿದ್ದರು. ಆ ಕಡೆ ಫೋನಿನಲ್ಲಿ ಸಿಗುತ್ತಿದ್ದವನಿಗೆ ಸದಾ ಶೀತ ಹಿಡಿದ ದನಿ. ಮುಖ ನೋಡಿರದ ಅವನಿಗೆ ಅಕ್ಕ ಇಟ್ಟ ಹೆಸರು ‘ನೆಗಡಿ’.

ಅವಳಿಗೂ ಒಂದು ಅಡ್ಡಹೆಸರಿತ್ತು. ಮನೆಯಲ್ಲಿ ಅವಳು ‘ಗುಡುಗಕ್ಕ’. ಇಟ್ಟವನು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ.

ತಮ್ಮನದು ಪ್ರಿಂಟಿಂಗ್ ಪ್ರೆಸ್ಸು. ಔಷಧಿ ಕಂಪನಿಗಳಿಗೆ ಮಾತ್ರೆಯ ಪೆಟ್ಟಿಗೆ ಅಚ್ಚುಹಾಕಿ ಕೊಡುತ್ತಿದ್ದ. ಕೆಲವು ವರ್ಷಗಳ ಹಿಂದೆ ಅವನು ಡಾಲರ್ ಸಾಲದಲ್ಲಿ ದೊಡ್ಡ ಯಂತ್ರ ತರುತ್ತೇನೆಂದು ಹೊರಟಾಗ ಅಡ್ಡ ಹಾಕಿದವಳು ಅಕ್ಕ. ಆಗಲೂ ದೇಶಕ್ಕೆ ಬರುವ ಡಾಲರಿಗಿಂತ ಹೋಗುವ ಡಾಲರು ಜಾಸ್ತಿಯಾಗುತ್ತಿತ್ತು, ಕೇಂದ್ರ ಬ್ಯಾಂಕಿನ ಡಾಲರ್ ಮೀಸಲು ಕರಗುತ್ತಿತ್ತು. “ನಮ್ಮ ನೋಟು ಬೀಳುತ್ತೆ ಕಣೋ, ಬೇಡ” ಎಂದಳು. ಅವನು ಕೇಳಿದ. ಆಮೇಲೆ ಆದದ್ದೇ ಬೇರೆ. ದೇಶ ಹೊರಗೆ ಮಾರುವ ಅದಿರಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು, ಡಾಲರು ಹರಿದುಬಂತು, ನೋಟು ಬೀಳುವುದಿರಲಿ, ಅಲ್ಲಾಡಲೂ ಇಲ್ಲ. ಪಕ್ಕದ ಬೀದಿಯ ಪ್ರೆಸ್ಸಿನವನು ಅದೇ ಡಾಲರ್ ಸಾಲದಲ್ಲಿ ಅದೇ ಯಂತ್ರ ತಂದು, ತಮ್ಮನ ಅತಿ ದೊಡ್ಡ ಗಿರಾಕಿಯನ್ನು ಎತ್ತಿಕೊಂಡು ಹೋದ. ಮೋಡ ಗುಡುಗಿತು, ಮಳೆ ಬರಲಿಲ್ಲ, ಒಣಹಾಕಿದ್ದ ಬಟ್ಟೆ ಒಳಗೆ ತಂದವನು ಪೆಚ್ಚಾದ.

ಅಕ್ಕ ತಪ್ಪು ಹೇಳಿರಲಿಲ್ಲ. ಗೋಡೆಯಲ್ಲಿ ಬಿರುಕು ಇದ್ದದ್ದು ನಿಜ. ಆದರೆ ಬಿರುಕು ನೋಡಿದವರಿಗೆ ಗೋಡೆ ಯಾವತ್ತು ಬೀಳುತ್ತದೆ ಅನ್ನುವುದು ತಿಳಿಯುವುದಿಲ್ಲ. ಒಮ್ಮೊಮ್ಮೆ ಯಾರೋ ಬಂದು ಗಾರೆ ಹಚ್ಚಿಬಿಡುತ್ತಾರೆ. ಇದನ್ನು ಅವಳು ತಮ್ಮನಿಗೆ ಬಿಡಿಸಿ ಹೇಳಲು ಹೋದಳು. “ಸರಿ ಬಿಡಕ್ಕ, ನೀನು ಗುಡುಗು, ನಾನು ಕೊಡೆ ಮಾರ್ತೀನಿ” ಎಂದ ಅವನು.

ಈಗ ಆ ಬಿರುಕು ಮತ್ತೆ ಕಾಣಿಸಿತು. ಈ ಸಲ ಕಂಡದ್ದು ಪತ್ರಿಕೆಯಲ್ಲಲ್ಲ, ಫೋನಿನಲ್ಲಿ.

ನೆಗಡಿ ಒಂದು ವರ್ಷದ ಸಾಲ ಆರು ತಿಂಗಳಿಗೆ ಮಾತ್ರ ಅಂದ. ಆರು ತಿಂಗಳಿನದಕ್ಕೆ ಬಂದಾಗ ಮೂರು ಅಂದ. ಬಡ್ಡಿಯನ್ನು ಒಂದಿಷ್ಟು ಏರಿಸಿದ. ಅದಕ್ಕೆ ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ. “ಬಡ್ಡಿ ಏರಿಸಿದರೆ ಅವನಿಗೆ ಆಸೆ ಅಂತ ಅರ್ಥ. ವಾಯಿದೆ ಇಳಿಸಿದರೆ ಅವನಿಗೆ ಭಯ” ಎನ್ನುವುದು ಅವಳ ಮಾತು. ಇನ್ನೆರಡು ಹೊರದೇಶದ ಬ್ಯಾಂಕುಗಳನ್ನು ಕೇಳಿದಳು. ಅವೂ ಮೂರೇ ತಿಂಗಳು ಅಂದವು. ಒಬ್ಬನಿಗೆ ಹೊಟ್ಟೆನೋವಾದರೆ ಅವನ ಊಟದ ತಪ್ಪು, ಸಾಲಾಗಿ ಕೂತ ಮೂವರಿಗೂ ಆದರೆ ಅಡುಗೆಯದೇ ತಪ್ಪು.

ಅವಳು ಖಜಾನೆ ವಿಭಾಗದ ಮುಖ್ಯಸ್ಥನ ಕೋಣೆಗೆ ಹೋದಳು. ದಡ್ಡನಲ್ಲದ ಮನುಷ್ಯ, ಅಂಕಿ ಬಲ್ಲವನು, ಟೀ ತರಿಸಿ ಕೂರಿಸಿ ಮಾತಾಡುವವನು.

“ಸರ್, ಮೂರು ತಿಂಗಳ ದುಡ್ಡು ತಂದು ಐದು ವರ್ಷಕ್ಕೆ ಕೊಡ್ತಾ ಇದ್ದೀವಿ. ಎತ್ತು ಏರಿಗೆ, ಕೋಣ ನೀರಿಗೆ.”

“ಹದಿನೇಳು ವರ್ಷದಿಂದ ಮುಂದಕ್ಕೆ ಹಾಕ್ತಾ ಬಂದಿದ್ದಾರಲ್ಲ ಮೇಡಂ. ನೀವೇ ಹಾಕಿಸಿದ್ದು!”

“ಹಾಕಿದ್ದು ಅವರ ದಯೆ. ನಮ್ಮ ಹಕ್ಕಲ್ಲ. ನೋಟು ಬಿತ್ತು ಅಂದರೆ?”

ಮುಖ್ಯಸ್ಥ ನಕ್ಕು ಎರಡೂ ಅಂಗೈ ಸಮಕ್ಕೆ ಹಿಡಿದು ತೋರಿಸಿದ. “ತಂದಿದ್ದು ಡಾಲರ್, ಕೊಟ್ಟಿದ್ದೂ ಡಾಲರ್. ತಕ್ಕಡಿ ಸಮ. ನೋಟು ಪಾತಾಳಕ್ಕೆ ಹೋದರೂ ನಮಗೇನು?”

“ಕೊಟ್ಟಿದ್ದು ಡಾಲರೇ. ತಗೊಂಡೋರು ದುಡಿಯೋದು ಡಾಲರಾ? ಒಬ್ಬ ಮನೆ ಕಟ್ಟಿ ಮಾರ್ತಾನೆ, ಒಬ್ಬ ಮಾತ್ರೆ ಪೆಟ್ಟಿಗೆ ಮಾಡ್ತಾನೆ. ಅವರ ಗಲ್ಲಾಪೆಟ್ಟಿಗೆಗೆ ಬೀಳೋದು ನಮ್ಮ ನೋಟು. ಅವರು ಕೊಡೋಕಾಗದೆ ಕೈಯೆತ್ತಿದರೆ ನಿಮ್ಮ ತಕ್ಕಡಿಯ ಒಂದು ತಟ್ಟೆಯಲ್ಲಿ ಇರೋದು ಗಾಳಿ.”

“ಅದು ಸಾಲ ವಿಭಾಗದವರ ತಲೆನೋವು ಮೇಡಂ” ಎಂದ ಅವನು, ನಿಜವಾಗಿಯೂ ಹಗುರಾಗಿ. “ನಮ್ಮ ವಿಭಾಗದಲ್ಲಿ ಅಪಾಯ ಇಲ್ಲ.”

ಎರಡನೇ ಮಹಡಿಯ ಸಾಲ ವಿಭಾಗದವರನ್ನು ಕೇಳಿದಳು. ಅವರು ಅಷ್ಟೇ ಸೌಜನ್ಯದಿಂದ, ನೋಟಿನ ಏರಿಳಿತ ಮೂರನೇ ಮಹಡಿಯವರ ಬಾಬತ್ತು ಅಂದರು. ಅಪಾಯ ಎಲ್ಲಿದೆ ಎಂದು ಹುಡುಕಿದರೆ ಅದು ಎರಡು ಮಹಡಿಗಳ ನಡುವಿನ ಮೆಟ್ಟಿಲ ಮೇಲೆ ಆರಾಮಾಗಿ ಕೂತಿತ್ತು.

ಇಂಥ ದಿನಗಳಲ್ಲೇ ತಮ್ಮ ಮತ್ತೆ ಯಂತ್ರದ ಮಾತು ಎತ್ತಿದ್ದು. ಉಳಿದ ಗಿರಾಕಿಗಳನ್ನಾದರೂ ಉಳಿಸಿಕೊಳ್ಳಬೇಕಿತ್ತು ಅವನಿಗೆ. ಡಾಲರ್ ಸಾಲಕ್ಕೆ ಎಂಟು ಪರ್ಸೆಂಟು ಬಡ್ಡಿ, ನಮ್ಮ ನೋಟಿನ ಸಾಲಕ್ಕೆ ಹತ್ತೊಂಬತ್ತು. ಅಡಮಾನಕ್ಕೆ ಕೇಳಿದ್ದು ಮನೆ. ಮನೆ ಅಪ್ಪನ ಕಾಲದ್ದು. ಅಮ್ಮ, ಅಕ್ಕ, ತಮ್ಮ ಮೂವರ ಹೆಸರಿನಲ್ಲಿತ್ತು. ಮೂವರ ಸಹಿಯೂ ಬೇಕು. ಎಪ್ಪತ್ತೆಂಟರ ಅಮ್ಮ ಆ ಮನೆಯಲ್ಲೇ ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದಳು.

ಏನು ಯಂತ್ರ, ಎಲ್ಲಿ ಇಡುತ್ತಾನೆ ನೋಡೋಣವೆಂದು ಅಕ್ಕ ಒಂದು ಮಧ್ಯಾಹ್ನ ಪ್ರೆಸ್ಸಿಗೆ ಹೋದಳು. ಅಲ್ಲಿ ರಟ್ಟಿನ ಬಂಡಲ್ ಇಳಿಸಲು ಬಂದಿದ್ದ ವ್ಯಾಪಾರಿಯೊಬ್ಬ ಕೂತಿದ್ದ. (ಇದನ್ನು ಬರೆಯುತ್ತಿರುವವನೂ ಅವನೇ, ಹೊರದೇಶದ ಗಿರಣಿಯಿಂದ ರಟ್ಟು ತರಿಸಿ ಪ್ರೆಸ್ಸುಗಳಿಗೆ ಮಾರುವುದು ಅವನ ಕಸುಬು.) ತಮ್ಮ ಪರಿಚಯ ಮಾಡಿಸಿದ: “ನಮ್ಮಕ್ಕ. ಬ್ಯಾಂಕಲ್ಲಿದ್ದಾಳೆ. ಹುಷಾರಾಗಿರಿ ಯಜಮಾನ್ರೇ, ಯಾವ ಕ್ಷಣದಲ್ಲಾದರೂ ಗುಡುಗ್ತಾಳೆ.”

ಅಕ್ಕ ತಮ್ಮನ ಕಡೆ ನೋಡಲೂ ಇಲ್ಲ. ವ್ಯಾಪಾರಿಯನ್ನು ಕೇಳಿದಳು: “ನಿಮ್ಮ ಗಿರಣಿಯವರು ನಿಮಗೆ ಎಷ್ಟು ದಿನದ ವಾಯಿದೆ ಕೊಡ್ತಾರೆ?”

“ಮಾಲು ಬಂದ ಮೇಲೆ ನಾಲ್ಕು ತಿಂಗಳು ಇತ್ತು ಮೇಡಂ. ಈಗ ಎರಡಕ್ಕೆ ಇಳಿಸಿದ್ದಾರೆ. ಹೊಸ ಮ್ಯಾನೇಜರ್ ಬಂದಿದ್ದಾನಂತೆ, ಸ್ವಲ್ಪ ಖಡಕ್ಕು.”

“ಬಣ್ಣದ ಶಾಯಿ ತರಿಸೋರಿಗೆ?”

“ಅವರಿಗೂ ಇಳಿಸಿದ್ದಾರೆ ಅಂತ ಕೇಳಿದೆ.”

“ಅಲ್ಲೂ ಹೊಸ ಮ್ಯಾನೇಜರೇ?”

ವ್ಯಾಪಾರಿ ಕೈಯಲ್ಲಿದ್ದ ಬಿಲ್ ಪುಸ್ತಕ ಮುಚ್ಚಿದ. ಹೊರಗಿನವರು ತನ್ನನ್ನು ನಂಬುತ್ತಿಲ್ಲ ಎಂದು ಅವನು ಕೊರಗುತ್ತಿದ್ದ. ನಂಬದೆ ಇರುವುದು ತನ್ನನ್ನಲ್ಲ, ತನ್ನ ಜೇಬಿನಲ್ಲಿರುವ ನೋಟನ್ನು ಎನ್ನುವುದು ಅವನಿಗೆ ಆಗ ಹೊಳೆಯಿತು. ತಮ್ಮನೂ ಅಲ್ಲೇ ಇದ್ದ. ಅದೇ ಮಾತು ಅವನ ಕಿವಿಗೂ ಬಿತ್ತು. ಆದರೆ ಆ ಕಿವಿಗೆ ಹಳೆಯ ಗುಡುಗಿನ ಹತ್ತಿ ತುರುಕಿತ್ತು.

ಸಹಿಯ ಮಾತು ನಡೆದದ್ದು ಒಂದು ರಜೆಯ ದಿನ, ಮನೆಯ ಹಜಾರದಲ್ಲಿ. ಅಮ್ಮ ಕುರ್ಚಿಯಲ್ಲಿ, ತಮ್ಮ ಮತ್ತು ಅವನ ಹೆಂಡತಿ ಬೆಂಚಿನ ಮೇಲೆ, ಅಕ್ಕ ಬಾಗಿಲಿಗೆ ಒರಗಿಕೊಂಡು. ಅಡಮಾನದ ಪತ್ರ ಟೀಪಾಯಿಯ ಮೇಲೆ ಬಿದ್ದಿತ್ತು.

“ಎಂಟಕ್ಕೂ ಹತ್ತೊಂಬತ್ತಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ದಡ್ಡ ಅಲ್ಲ ನಾನು” ಎಂದ ತಮ್ಮ.

“ಆ ಹನ್ನೊಂದು ಪರ್ಸೆಂಟು ಉಳಿತಾಯ ಅಂದ್ಕೊಂಡಿದ್ದೀಯ. ಅದು ಬಾಡಿಗೆ ಕಣೋ. ಸಾಲ ಕೊಡೋರ ಪಾಲಿನ ಅಪಾಯನ ನಿನ್ನ ಮನೇಲಿ ಇಟ್ಕೊಳ್ಳೋದಕ್ಕೆ ಅವರು ನಿನಗೆ ಕೊಡೋ ಬಾಡಿಗೆ.”

“ನೋಟು ಎಂಟು ವರ್ಷದಿಂದ ಡಾಲರಿಗೆ ನಲವತ್ತು. ಅಲ್ಲಾಡಿಲ್ಲ.”

“ಅಲ್ಲಾಡದೆ ಇರೋ ಹಾಗೆ ಕೇಂದ್ರ ಬ್ಯಾಂಕು ದಿನಾ ತನ್ನ ಡಾಲರ್ ಮಾರಿ ಹಿಡ್ಕೊಂಡಿದೆ. ಒಳಗೆ ಎಲ್ಲ ದರ ಏರಿದರೂ ಡಾಲರ್ ಮಾತ್ರ ಅಗ್ಗ, ಅದಕ್ಕೇ ಪ್ರತಿಯೊಬ್ಬನೂ ಹೊರಗಿನ ಮಾಲೇ ತರಿಸ್ತಿದ್ದಾನೆ. ದೇಶಕ್ಕೆ ಬರೋದಕ್ಕಿಂತ ಹೋಗೋದು ಜಾಸ್ತಿ. ಆ ತೂತಿಗೆ ತುಂಬ್ತಿರೋದು ಸಾಲದ ಡಾಲರ್. ಅದೂ ದೀರ್ಘಾವಧಿ ಸಾಲ ಅಲ್ಲ, ನಾಳೆ ಬಾಗಿಲು ತಟ್ಟೋ ಸಾಲ.”

“ಮೀಸಲು ಬೇಕಾದಷ್ಟಿದೆ ಅಂತ ಮಂತ್ರಿಗಳೇ ಹೇಳಿದ್ದಾರೆ.”

“ಎಷ್ಟಿದೆ ಅಂತ ಹೇಳಿದ್ದಾರೆ. ಎಷ್ಟು ನಮ್ಮದು ಅಂತ ಹೇಳಿಲ್ಲ.” ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. “ನಿನ್ನ ಅಂಗಡಿ ಕಪಾಟಿನಲ್ಲಿ ಬೇರೆಯವನ ಮಾಲು ಮಾರೋಕೆ ಅಂತ ಇಟ್ಕೊಂಡಿರ್ತೀಯ. ನೋಡೋನಿಗೆ ಕಪಾಟು ತುಂಬಿದೆ. ವಾಯಿದೆ ಮುಗಿದ ದಿನ ಅವನು ಬಂದು ಎತ್ಕೊಂಡು ಹೋದರೆ? ಕೇಂದ್ರ ಬ್ಯಾಂಕೂ ಅಷ್ಟೇ. ಬ್ಯಾಂಕುಗಳ ಡಾಲರ್ ತಗೊಂಡು ಕಪಾಟಿಗಿಟ್ಟಿದೆ, ಕೆಲವೇ ತಿಂಗಳಲ್ಲಿ ವಾಪಸ್ ಕೊಡಬೇಕು. ಇನ್ನೊಂದು ಕಡೆ, ಐದು ವರ್ಷದ ಸಾಲ ಅಂತ ಬರೆದಿರೋದನ್ನೆಲ್ಲ ದೂರದ ಸಾಲ ಅಂತ ಎಣಿಸ್ತಾರೆ. ಅದರ ಐದನೇ ವರ್ಷ ಇದೇ ವರ್ಷ ಆದರೆ? ಅದೆಲ್ಲ ಕೂಡಿಸಿ ನೋಡಿದರೆ, ಒಂದು ವರ್ಷದೊಳಗೆ ದೇಶ ತೀರಿಸಬೇಕಾದ್ದು ಮೀಸಲಿಗಿಂತ ಜಾಸ್ತಿ ಇದೆ. ಕೇಳೋಕೆ ಎಲ್ಲರೂ ಒಟ್ಟಿಗೆ ಬಂದರೆ ಕೊಡೋಕಿಲ್ಲ. ಕೊಡೋಕಿಲ್ಲ ಅಂತ ಗೊತ್ತಾದರೆ ಒಟ್ಟಿಗೇ ಬರ್ತಾರೆ.”

“ಯಾವಾಗ?” ಎಂದ ತಮ್ಮ.

ಅಕ್ಕ ಕನ್ನಡಕ ತೆಗೆದು ಒರೆಸಿದಳು.

“ಯಾವಾಗ ಅಂತ ಹೇಳಕ್ಕ. ಈ ತಿಂಗಳಾ? ಮುಂದಿನ ವರ್ಷವಾ? ನಾನು ಸತ್ತ ಮೇಲಾ?”

“ಗೊತ್ತಿಲ್ಲ.”

“ಹೋದ ಸಲವೂ ಇದೇ ಉತ್ತರ.”

ತಮ್ಮನ ಹೆಂಡತಿ ಮೆಲ್ಲಗೆ ಅಂದಳು, “ಅತ್ತಿಗೆ, ನಿಮಗೆ ತಿಂಗಳಾದರೆ ಸಂಬಳ ಬರುತ್ತೆ. ನಮಗೆ ಗಿರಾಕಿ ಬರಬೇಕು.”

ಹೇಳಬಹುದಾದ ಒಂದೇ ಒಂದು ಮಾತು ಅಕ್ಕನ ನಾಲಗೆಯ ಮೇಲೆ ಬಂದು ನಿಂತಿತ್ತು: ನಮ್ಮ ಬ್ಯಾಂಕಿನ ಸಾಲಕ್ಕೇ ಹೊರಗಿನವರು ವಾಯಿದೆ ಇಳಿಸುತ್ತಿದ್ದಾರೆ. ಅದನ್ನು ಹೇಳಿದರೆ ತಮ್ಮ ನಂಬುತ್ತಿದ್ದನೇನೋ. ಆದರೆ ಹಜಾರದಿಂದ ಬೀದಿಗೆ, ಬೀದಿಯಿಂದ ಬ್ಯಾಂಕಿನ ಬಾಗಿಲಿಗೆ ಆ ಮಾತು ಎಷ್ಟು ಬೇಗ ಹೋಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಠೇವಣಿ ಇಟ್ಟವರು ಸಾಲುಗಟ್ಟಿ ನಿಂತರೆ, ಗೋಡೆಯನ್ನು ಬೀಳಿಸಿದವಳು ಅವಳೇ ಆಗುತ್ತಾಳೆ. ಮಾತನ್ನು ನುಂಗಿದಳು.

“ಯಂತ್ರ ತಗೋ, ಬೇಡ ಅನ್ನಲ್ಲ. ಅರ್ಧ ಗಾತ್ರದ್ದು ತಗೋ. ನಮ್ಮ ನೋಟಿನಲ್ಲೇ ಸಾಲ ತಗೋ, ಹತ್ತೊಂಬತ್ತಾದರೂ ಸರಿ, ಈಗಲೇ ಸಹಿ ಹಾಕ್ತೀನಿ. ಡಾಲರಿಗೆ ಹಾಕಲ್ಲ.”

“ಅರ್ಧ ಯಂತ್ರಕ್ಕೆ ಅರ್ಧ ಗಿರಾಕಿ ಬರ್ತಾನಾ?” ತಮ್ಮ ಪತ್ರ ಮಡಚಿದ. “ಹೋದ ಸಲ ನಿನ್ನ ಬಾಯಿಂದ ಗಿರಾಕಿ ಹೋದ. ಈ ಸಲ ನಿನ್ನ ಕೈಯಿಂದ ಪ್ರೆಸ್ಸು ಹೋಗುತ್ತೆ.”

ಅವರು ಹೋದ ಮೇಲೆ ಅಮ್ಮ ಹೇಳಿದ್ದು ಇಷ್ಟೆ: “ಹುಟ್ಟಿದ ಮನೇನ ಒಡಹುಟ್ಟಿದವನಿಗೆ ಕೊಡದವಳು, ಇನ್ಯಾರಿಗೆ ಅಂತ ಕಾಯ್ತೀಯೇ?” ಆಮೇಲೆ ಎಷ್ಟೋ ದಿನ ತಾಯಿ ಮಗಳ ನಡುವೆ ಉಪ್ಪು, ಔಷಧಿ, ನಲ್ಲಿ ನೀರು ಬಿಟ್ಟು ಬೇರೆ ಮಾತಿರಲಿಲ್ಲ.

ವ್ಯಾಪಾರದಲ್ಲಿ ಒಂದು ಕ್ರೂರ ನಿಯಮವಿದೆ: ಸರಿಯಾದ ಮಾತನ್ನು ಬೇಗ ಹೇಳಿದವನೂ ತಪ್ಪು ಮಾತು ಹೇಳಿದವನೂ ಬಹಳ ಕಾಲ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ತಿಂಗಳು ಹೋಯಿತು, ಇನ್ನೊಂದು ಹೋಯಿತು. ನೋಟು ನಲವತ್ತರಲ್ಲೇ ಗೂಟ ಹೊಡೆದಂತೆ ನಿಂತಿತ್ತು. ಕೇಂದ್ರ ಬ್ಯಾಂಕು ಬಡ್ಡಿ ಏರಿಸಿತು. ಮಂತ್ರಿಗಳು “ನಮ್ಮ ನೋಟಿನ ಬೆಲೆ ಇಳಿಸುವ ಪ್ರಶ್ನೆಯೇ ಇಲ್ಲ” ಎಂದರು. ಪ್ರಶ್ನೆಯೇ ಇಲ್ಲದಿದ್ದರೆ ಉತ್ತರ ಯಾಕೆ ಕೊಡುತ್ತಿದ್ದಾರೆ ಎಂದು ಅಕ್ಕನಿಗೆ ಅನ್ನಿಸಿತು. ಆದರೆ ಊರಿನಲ್ಲಿ ಅಂಗಡಿಗಳು ಮಿನುಗುತ್ತಿದ್ದವು, ಹೊಸ ಕಟ್ಟಡಗಳು ಏಳುತ್ತಿದ್ದವು, ಹೊರಗಿನ ಟೀವಿ, ಹೊರಗಿನ ಟೈಲ್ಸು ಎಲ್ಲವೂ ಅಗ್ಗ. ಬೀಳುವ ಮುಂಚಿನ ದಿನಗಳು ನೋಡಲು ಏಳಿಗೆಯ ಹಾಗೆಯೇ ಇರುತ್ತವೆ.

ಪಕ್ಕದ ಬೀದಿಯ ಪ್ರೆಸ್ಸಿನವನು ಎರಡನೇ ಯಂತ್ರಕ್ಕೂ ಡಾಲರ್ ಸಾಲ ಮಾಡಿದ. ತಮ್ಮನ ಇನ್ನೊಬ್ಬ ಗಿರಾಕಿ ಹೋದ. ಮೂವರು ಕೆಲಸದವರನ್ನು ಬಿಟ್ಟನಂತೆ ಎಂಬ ಸುದ್ದಿ ಅಮ್ಮನ ಮೂಲಕ ಬಂತು. ಸುದ್ದಿಯ ಜೊತೆ ಅಮ್ಮನ ನೋಟವೂ ಬಂತು.

ಅಕ್ಕನ ಧೈರ್ಯಕ್ಕೂ ಒಂದು ವಾಯಿದೆ ಇತ್ತು. ಅದು ಮುಗಿಯಿತು. ಎರಡು ಸಲ ಗುಡುಗಿ ಎರಡು ಸಲವೂ ಮಳೆ ಬರದಿದ್ದರೆ ದೋಷ ಆಕಾಶದ್ದೋ ತನ್ನದೋ? ಅಂಕಿ ಓದುವ ಕಣ್ಣಿಗೆ ಎಲ್ಲೆಲ್ಲೂ ಬಿರುಕೇ ಕಾಣುವ ಕಾಯಿಲೆ ಹತ್ತಿದೆಯೋ? ತಾನು ಉಳಿಸುತ್ತಿರುವುದು ಮನೆಯನ್ನೋ, ತನ್ನ ಮಾತನ್ನೋ? ಒಂದು ಸಂಜೆ ಬ್ಯಾಂಕಿನಿಂದ ನೇರವಾಗಿ ಪ್ರೆಸ್ಸಿಗೆ ನಡೆದಳು. ಪತ್ರ ಎಲ್ಲಿದೆ ತಾ, ಹಾಕ್ತೀನಿ ಎನ್ನುವ ಮಾತನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಳು.

ಪ್ರೆಸ್ಸಿನ ನಡುವೆ ಹೊಸ ಯಂತ್ರ ನಿಂತಿತ್ತು. ಆನೆಯಷ್ಟು ಉದ್ದ, ತಿಳಿ ಬೂದುಬಣ್ಣ, ಇನ್ನೂ ಪ್ಲಾಸ್ಟಿಕ್ ಪೂರ್ತಿ ಬಿಚ್ಚಿರಲಿಲ್ಲ. ತಮ್ಮ ಕೈ ಒರೆಸಿಕೊಂಡು ಬಂದ.

“ಲೀಸಿಂಗ್ ಕಂಪನಿಯವರು ಕಂತಿನ ಮೇಲೆ ಕೊಟ್ಟರು. ಡಾಲರೇ. ಮನೆ ಬೇಡ ಅಂದರು. ಈ ಯಂತ್ರ, ಹಳೇ ಯಂತ್ರ, ಪ್ರೆಸ್ಸಿನ ಜಾಗ, ನನ್ನ ಸಹಿ ಸಾಕು ಅಂದರು.” ಆಮೇಲೆ ಸ್ವಲ್ಪ ತಡೆದು ಸೇರಿಸಿದ: “ನಿನ್ನ ಸಹಿ ಇಲ್ಲದೇನೂ ಪ್ರಪಂಚ ನಡೆಯುತ್ತೆ ಅಕ್ಕ.”

“ನಾನು ಅದನ್ನೇ ಹಾಕೋಕೆ ಬಂದಿದ್ದೆ” ಎಂದಳು ಅಕ್ಕ.

ತಮ್ಮನಿಗೆ ಏನೆನ್ನಿಸಿತೋ. ಗಟ್ಟಿಯಾಗಿ ನಕ್ಕ. ಬಹಳ ದಿನದ ಮೇಲಿನ ನಗು. “ಅಂತೂ ಗುಡುಗಕ್ಕನಿಗೇ ಬಿಸಿಲು ಕಂಡಿತು!” ಎಂದು ಯಂತ್ರ ಶುರುಮಾಡಿ ತೋರಿಸಿದ. ರಟ್ಟಿನ ಹಾಳೆಗಳು ಒಂದರ ಹಿಂದೆ ಒಂದು ಹಾರಿ ಬಂದು ಬೀಳುತ್ತಿದ್ದವು. ಅಕ್ಕ ಅದನ್ನು ನೋಡಿ ಸಂತೋಷಪಟ್ಟಳು. ಹೌದು, ಪಟ್ಟಳು, ಆ ಒಂದು ಸಂಜೆ ಅವಳಿಗೆ ತನ್ನ ಮಾತು ತಪ್ಪಾಗಿರಲಿ ಎನ್ನುವುದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ಮರುವಾರ ನೆಗಡಿಗೆ ಫೋನು ಮಾಡಿದಾಗ ಅವನು ಒಂದು ತಿಂಗಳು ಅಂದ. ಆ ತಿಂಗಳು ಮುಗಿದಾಗ ಒಂದು ವಾರ ಅಂದ. ಬಡ್ಡಿಯ ಮಾತನ್ನೇ ಎತ್ತಲಿಲ್ಲ. ಅಕ್ಕನೇ ಕೆಣಕಿದಳು: “ಇನ್ನೂ ಎರಡು ಪರ್ಸೆಂಟು ಜಾಸ್ತಿ ಕೊಡ್ತೀವಿ, ಮೂರು ತಿಂಗಳಿಗೆ ಕೊಡಿ.”

“ಬಡ್ಡಿಯ ಪ್ರಶ್ನೆ ಅಲ್ಲ” ಎಂದ ನೆಗಡಿ, ಸ್ನೇಹದ ದನಿಯಲ್ಲೇ. “ನಿಮ್ಮ ದೇಶದ ಮೇಲೆ ನಮ್ಮಲ್ಲಿ ಮಿತಿ ಹಾಕಿದ್ದಾರೆ. ನಿಮ್ಮ ಬ್ಯಾಂಕಿನ ಮೇಲಲ್ಲ.”

ಆಸೆ ಪೂರ್ತಿ ಹೋಗಿ ಭಯ ಒಂದೇ ಉಳಿದಿತ್ತು. ಅಕ್ಕ ಮತ್ತೆ ಮುಖ್ಯಸ್ಥನ ಕೋಣೆಗೆ ಹೋದಳು. ಈ ಸಲ ಅವನು ಟೀ ತರಿಸಲಿಲ್ಲ.

ಗೋಡೆ ಬಿದ್ದದ್ದು ಒಂದು ಬುಧವಾರ ಬೆಳಗ್ಗೆ. ಸದ್ದೇ ಇರಲಿಲ್ಲ. ಅಕ್ಕ ಪರದೆಯ ಮುಂದೆ ಕೂತಾಗ ಡಾಲರು ಕೊಳ್ಳುವವರ ದರಗಳು ಸಾಲಾಗಿ ಇದ್ದವು. ಮಾರುವವರ ಕಡೆ ಖಾಲಿ. ದಿನಾ ಆ ಖಾಲಿ ಜಾಗವನ್ನು ತುಂಬುತ್ತಿದ್ದದ್ದು ಕೇಂದ್ರ ಬ್ಯಾಂಕು. ಫೋನು ಮಾಡಿದರೆ ಅಲ್ಲಿ ಎತ್ತುವವರಿಲ್ಲ. ಕಪಾಟಿನಲ್ಲಿ ಸ್ವಂತದ ಮಾಲು ಮುಗಿದಿತ್ತು, ಉಳಿದದ್ದು ಬೇರೆಯವರದು. ಹತ್ತು ಗಂಟೆಯ ಹೊತ್ತಿಗೆ ಒಬ್ಬ ನಲವತ್ತೆಂಟಕ್ಕೆ ಕೊಳ್ಳುತ್ತೇನೆಂದ, ಮಧ್ಯಾಹ್ನ ಇನ್ನೊಬ್ಬ ಐವತ್ತೈದಕ್ಕೆ. ಸಂಜೆ ಕೇಂದ್ರ ಬ್ಯಾಂಕಿನ ಪ್ರಕಟಣೆ ಬಂತು: ಇನ್ನು ಮೇಲೆ ನೋಟಿನ ಬೆಲೆಯನ್ನು ಪೇಟೆಯೇ ನಿರ್ಧರಿಸುತ್ತದೆ. ಪೇಟೆ ನಿರ್ಧರಿಸಿತು. ಕೆಲವು ವಾರಗಳಲ್ಲಿ ಡಾಲರು ಎಪ್ಪತ್ತಕ್ಕೆ ಹೋಗಿ ನಿಂತಿತು.

ಡೀಲಿಂಗ್ ರೂಮಿನಲ್ಲಿ ಯಾರೋ ಅಕ್ಕನಿಗೆ, “ನೀವು ಹೇಳಿದ್ದೇ ಆಯಿತಲ್ಲ ಮೇಡಂ” ಎಂದರು. ಗೆದ್ದವರಿಗೆ ಹೇಳುವ ದನಿಯಲ್ಲಿ. ಅಕ್ಕ ಎದ್ದುಹೋಗಿ ಶೌಚಾಲಯದ ಬಾಗಿಲು ಹಾಕಿಕೊಂಡಳು.

ಮುಖ್ಯಸ್ಥನ ತಕ್ಕಡಿ ಏನಾಯಿತೆಂದರೆ, ತಂದ ಡಾಲರನ್ನು ಹೊರಗಿನವರು ವಾಪಸು ಕೇಳಿದರು, ಕೊಟ್ಟ ಡಾಲರು ವಾಪಸು ಬರಲಿಲ್ಲ. ಮನೆ ಕಟ್ಟುವವರು ಕೈಯೆತ್ತಿದರು, ಗಿರಣಿಯವರು ಕೈಯೆತ್ತಿದರು. ಸರ್ಕಾರ ಬ್ಯಾಂಕನ್ನು ಇನ್ನೊಂದು ಬ್ಯಾಂಕಿನ ಹೊಟ್ಟೆಗೆ ಹಾಕಿತು. ಮೂರನೇ ಮಹಡಿಯ ಏಸಿಯ ಗೊರಕೆ ನಿಂತಿತು. ಮುಖ್ಯಸ್ಥನಿಗೂ ಅಕ್ಕನಿಗೂ ಒಂದೇ ದಿನ, ಒಂದೇ ಒಕ್ಕಣೆಯ ಪತ್ರದಲ್ಲಿ ಕೆಲಸ ಹೋಯಿತು. ಎಚ್ಚರಿಸಿದವರಿಗೆ ಬೇರೆ ಒಕ್ಕಣೆ ಎಂದೇನೂ ಇರುವುದಿಲ್ಲ.

ತಮ್ಮನ ಕಂತು ಡಾಲರಿನ ಲೆಕ್ಕದಲ್ಲಿ ಒಂದು ಕಾಸೂ ಏರಿರಲಿಲ್ಲ. ಅವನ ನೋಟಿನ ಲೆಕ್ಕದಲ್ಲಿ ಮುಕ್ಕಾಲು ಪಾಲು ಏರಿತು. ರಟ್ಟು, ಶಾಯಿ ಎರಡಕ್ಕೂ ಹೊರಗಿನವರು ಮುಂಗಡ ಕೇಳಿದರು. ಔಷಧಿ ಕಂಪನಿಯವರು ವರ್ಷದ ಒಪ್ಪಂದ ತೋರಿಸಿ ಹಳೆಯ ದರಕ್ಕೇ ಪೆಟ್ಟಿಗೆ ಕೇಳಿದರು. ಅಚ್ಚುಹಾಕಿದಷ್ಟೂ ನಷ್ಟ, ಹಾಕದಿದ್ದರೆ ಕಂತಿಲ್ಲ. ಪಕ್ಕದ ಬೀದಿಯವನದು ಎರಡು ಯಂತ್ರದ ಸಾಲ. ಅವನು ಮೊದಲು ಮುಳುಗಿದ. ಅದರಿಂದ ತಮ್ಮನಿಗೆ ಸಿಕ್ಕಿದ್ದು ಸಮಾಧಾನವಲ್ಲ, ಮುಂದಿನ ಸರದಿ.

ಲೀಸಿಂಗ್ ಕಂಪನಿಯವರು ಯಂತ್ರ ಬಿಚ್ಚಲು ಬಂದ ದಿನ ಅಕ್ಕನೂ ಅಲ್ಲಿದ್ದಳು. ಸ್ಪ್ಯಾನರ್ ಹಿಡಿದ ಇಬ್ಬರು ಬಹಳ ನಾಜೂಕಾಗಿ ಕೆಲಸ ಮಾಡಿದರು. ಆ ತಿಂಗಳು ಅವರಿಗೆ ಅದೇ ಕೆಲಸ, ಕೈ ಪಳಗಿತ್ತು. ಯಂತ್ರ ಹೊರಗೆ ಹೋದ ಮೇಲೆ ನೆಲದ ಸಿಮೆಂಟಿನಲ್ಲಿ ಬೋಲ್ಟುಗಳ ತೂತು ಉಳಿದವು. ತಮ್ಮ ಒಂದು ಪೊರಕೆ ತಂದು ಆ ಜಾಗ ಗುಡಿಸಿದ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಅವರ ಕೈಗೇ ಕೊಟ್ಟ.

ಪ್ರೆಸ್ಸಿನ ಮೇಲಿನ ಕೋಣೆಗಳಲ್ಲೇ ಅವನ ಸಂಸಾರವಿದ್ದದ್ದು. ಜಾಗ ಹೋಯಿತು ಎಂದರೆ ಮನೆಯೂ ಹೋಯಿತು. ಅವನು, ಹೆಂಡತಿ ಇಬ್ಬರೂ ಎರಡು ಟ್ರಂಕು, ಒಂದು ಹೊಲಿಗೆ ಯಂತ್ರದ ಸಮೇತ ಅಪ್ಪನ ಮನೆಗೆ ಬಂದರು. ಸಹಿ ಬೀಳದ ಮನೆ ಇನ್ನೂ ನಿಂತಿತ್ತು. ಅಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ಮಗನ ಕೆನ್ನೆ ಸವರಿದಳು, ಆಮೇಲೆ ಮಗಳ ಕಡೆ ನೋಡಿದಳು. “ಇವನಿಗೆ ಹಜಾರದ ಫ್ಯಾನು ರಿಪೇರಿ ಮಾಡಿಸು” ಎಂದಳು.

ತಮ್ಮ ಕೃತಜ್ಞತೆ ಹೇಳಲಿಲ್ಲ. ಹೇಳುತ್ತಾನೆಂದು ಅಕ್ಕ ಕಾದೂ ಇರಲಿಲ್ಲ. ಒಂದು ಮಧ್ಯಾಹ್ನ ಇಬ್ಬರೇ ಹಜಾರದಲ್ಲಿ ಕೂತಿದ್ದಾಗ ಅವನು ಫ್ಯಾನು ನೋಡುತ್ತ ಹೇಳಿದ:

“ಮೊದಲನೇ ಸಲ ನೀನು ಸುಮ್ಮನೆ ಇದ್ದಿದ್ದರೆ, ಎರಡನೇ ಸಲ ನಿನ್ನ ಮಾತು ಕೇಳ್ತಿದ್ದೆ ಅಕ್ಕ.”

“ಮೊದಲನೇ ಸಲವೂ ಬಿರುಕು ಇತ್ತು ಕಣೋ.”

“ಇತ್ತು. ಆದರೆ ಆಗ ಗೋಡೆ ಬೀಳಲಿಲ್ಲವಲ್ಲ.”

ಅಕ್ಕ ತಲೆಯಾಡಿಸಿದಳು. ಆ ಮಾತಿನಲ್ಲಿ ನ್ಯಾಯವಿತ್ತೋ ಇಲ್ಲವೋ ಎಂದು ಅವಳು ಇವತ್ತಿಗೂ ತೂಗುತ್ತಿದ್ದಾಳೆ. ತಟ್ಟೆ ಒಂದು ಕಡೆಗೆ ನಿಲ್ಲುವುದಿಲ್ಲ. ಅವಳೀಗ ಒಂದು ಸಣ್ಣ ಸಹಕಾರಿ ಸಂಘದಲ್ಲಿ ಅರ್ಧ ಸಂಬಳಕ್ಕೆ ದುಡಿಯುತ್ತಾಳೆ. ಆ ಸಂಬಳದಲ್ಲಿ ನಾಲ್ವರು ಉಣ್ಣುತ್ತಾರೆ. ತಮ್ಮ ಬೇರೆಯವರ ಪ್ರೆಸ್ಸಿನಲ್ಲಿ ದಿನಗೂಲಿಗೆ ಯಂತ್ರ ಓಡಿಸುತ್ತಾನೆ. ಗುಡುಗಕ್ಕ ಎಂದು ಈಗ ಯಾರೂ ಕರೆಯುವುದಿಲ್ಲ. ಕರೆದಿದ್ದರೇ ಚೆನ್ನಾಗಿತ್ತು ಎಂದು ಒಮ್ಮೆ ಅವಳೇ ಹೇಳಿದಳು. ಆ ಹೆಸರು ಕೂಗುವಾಗ ತಮ್ಮ ನಗುತ್ತಿದ್ದ.

ಇನ್ನು ಆ ರಟ್ಟಿನ ವ್ಯಾಪಾರಿಯ, ಅಂದರೆ ನನ್ನ ಮಾತು. ಪ್ರೆಸ್ಸಿನಲ್ಲಿ ಅವಳು ವಾಯಿದೆ ಕೇಳಿದ ಮರುದಿನ ನಾನು ವ್ಯಾನು ಮಾರಿದೆ, ಊರ ಹೊರಗಿನ ಸೈಟು ಮಾರಿದೆ, ಗಿರಣಿಯವರ ಡಾಲರ್ ಬಾಕಿಯನ್ನು ನಲವತ್ತರ ದರದಲ್ಲೇ ಪೂರ್ತಿ ತೀರಿಸಿ, ಮುಂದೆ ಸಾಲಕ್ಕೆ ಮಾಲು ತರಿಸುವುದು ನಿಲ್ಲಿಸಿದೆ. ಆಗ ಬೀದಿಯವರೆಲ್ಲ ನಕ್ಕರು. ನಮ್ಮ ಬೀದಿಯಲ್ಲಿ ಹೊರಗಿನ ರಟ್ಟು ತರಿಸುತ್ತಿದ್ದ ಅಂಗಡಿಗಳು ಐದಿದ್ದವು. ಈಗ ಇರುವುದು ನನ್ನದೊಂದೇ. ನಾನು ಅವಳಿಗಿಂತ ಜಾಣನೇನಲ್ಲ. ನನಗೆ ಅವಳ ಹಳೆಯ ಗುಡುಗು ಕೇಳಿಸಿರಲಿಲ್ಲ, ಅಷ್ಟೆ. ಈ ಅಂಗಡಿ ಇವತ್ತು ಬೆಳಗ್ಗೆಯೂ ಬಾಗಿಲು ತೆರೆದದ್ದು ಆ ಅಕ್ಕನ ಒಂದು ಪ್ರಶ್ನೆಯಿಂದ. ಅದು ಅವಳ ಋಣ. ನಾನು ತೀರಿಸಿಲ್ಲ.